500 ಜನದ ಊಟಕ್ಕೆ ಅಕ್ಕಿ, ಸಾಂಬಾರ್ ಲೆಕ್ಕ

"ಮುಂದಿನ ತಿಂಗಳು ತಂಗಿ ಮದ್ವೆ, ಮಧ್ಯಾಹ್ನದ ಊಟಕ್ಕೆ 500 ಜನ, ಅಕ್ಕಿ ಎಷ್ಟು, ಸಾಂಬಾರ್ ಎಷ್ಟು ಮಾಡಿಸ್ಬೇಕು?"

ಸರ್, ಮೊದ್ಲು ಮೆನು ನೋಡಿ. ಹೋಳಿಗೆ, ಪಾಯಸ, ಪಲ್ಯ, ಚಿತ್ರಾನ್ನ ಎಲ್ಲಾ ಇದ್ರೆ ಬಿಳಿ ಅನ್ನಕ್ಕೆ ತಲೆಗೆ 80 ಗ್ರಾಂ ಅಕ್ಕಿ ಸಾಕು, ಅಂದ್ರೆ 40 ಕೆಜಿ, ಚಿತ್ರಾನ್ನಕ್ಕೆ ಬೇರೆ 12 ಕೆಜಿ ಇಟ್ಕೊಳ್ಳಿ. ಐಟಂ ಕಮ್ಮಿ ಇದ್ರೆ ಮಾತ್ರ ಬಿಳಿ ಅನ್ನಕ್ಕೆ 120 ಗ್ರಾಂವರೆಗೂ ಹೋಗ್ಬೇಕಾಗತ್ತೆ.

ಸಾಂಬಾರ್ ಜೊತೆ ರಸಂ, ಮಜ್ಜಿಗೆನೂ ಇದೆ ಅಂದ್ರೆ ತಲೆಗೆ 150 ಎಂಎಲ್, ಒಟ್ಟು 75 ಲೀಟರ್. ಅದಕ್ಕೆ ತೊಗರಿಬೇಳೆ 10 ಕೆಜಿ, ತರಕಾರಿ ಹೆಚ್ಚಿದ್ಮೇಲೆ ಸುಮಾರು 20 ಕೆಜಿ. ರಸಂ ಇಲ್ಲಾಂದ್ರೆ 100 ಲೀಟರ್ ಮಾಡ್ಸಿ, ಬೇಳೆ ತರಕಾರಿನೂ ಅದೇ ಲೆಕ್ಕದಲ್ಲಿ ಏರ್ಸಿ.

ಆದ್ರೆ ದಯವಿಟ್ಟು ಎಲ್ಲಾ ಅಕ್ಕಿನೂ ಒಂದೇ ಸಲ ಬೇಯಿಸ್ಬೇಡಿ, ಮಿಕ್ಕಿದ ಅನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯತ್ತೆ. ಮೊದ್ಲು 25 ಕೆಜಿ ಹಾಕ್ಸಿ, ಮೊದಲ ಪಂಕ್ತಿ ಎದ್ದ ತಕ್ಷಣ ಎಷ್ಟು ಖಾಲಿ ಆಯ್ತು ನೋಡಿ. 150 ಜನಕ್ಕೆ 12 ಕೆಜಿ ಅಕ್ಕಿಯ ಅನ್ನ ಹೋಗಿದ್ರೆ ನಿಮ್ಮ ಲೆಕ್ಕ ಸರಿ, 15 ಕೆಜಿ ಹೋಗಿದ್ರೆ ಒಟ್ಟು 50 ಬೇಕಾಗತ್ತೆ ಅಂತ ಅಲ್ಲೇ ಗೊತ್ತಾಗತ್ತೆ, ಆಗ್ಲೇ ಮುಂದಿನ ಹಂಡೆ ಇಡ್ಸಿ, ನೀರು ಕುದಿತಾ ರೆಡಿ ಇದ್ರೆ ಅರ್ಧ ಗಂಟೆ ಮುಕ್ಕಾಲು ಗಂಟೇಲಿ ಅನ್ನ ಆಗತ್ತೆ.

ಸಾಂಬಾರ್ ಕಮ್ಮಿ ಬಿದ್ರೆ ಬರೀ ನೀರು ಸುರಿಯೋರು ಜಾಸ್ತಿ, ಅದು ಎಲೆ ಮೇಲೆ ಹರಿದುಹೋಗತ್ತೆ, ರುಚಿನೂ ಹೋಗತ್ತೆ. 2 ಕೆಜಿ ಬೆಂದ ಬೇಳೆ, ಸ್ವಲ್ಪ ರುಬ್ಬಿದ ಮಸಾಲೆ ಬೇರೆ ಎತ್ತಿಡ್ಸಿ, ಬೇಕಾದ್ರೆ ಸೇರ್ಸಿ ಕುದಿಸ್ಬಹುದು.