ಒಂದು ಅಕ್ಷರ, 34 ವರ್ಷದ ಅಂತರ

ಪ್ರಶ್ನೆ: ಹಳೆಯ ಪತ್ರಗಳನ್ನು ನೋಡಿ ಟೈಪ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಬರೆದವರ ಕಾಗುಣಿತ ತಪ್ಪಿದ್ದರೆ ಸರಿ ಮಾಡಬಹುದೇ? ಒಂದು ಅಕ್ಷರ ದ ಅಥವಾ ಥ ಎಂದು ತಿಳಿಯದಿದ್ದರೆ ಅರ್ಥಕ್ಕೆ ಹೊಂದುವುದನ್ನು ಹಾಕಿ ಮುಂದೆ ಹೋಗಲೇ?

ಉತ್ತರ: ಎರಡನ್ನೂ ಮಾಡಬೇಡಿ. ಕಾಗುಣಿತದ ವಿಷಯವನ್ನು ಮೊದಲು ಮುಗಿಸುತ್ತೇನೆ. ನೂರು ವರ್ಷದ ಹಿಂದಿನ ಕಾಗದಗಳಲ್ಲಿ ‘ಯೆಲ್ಲರೂ’, ‘ವೊಂದು’, ‘ವುತ್ತರ’, ‘ಕಾರ್ಯ್ಯ’ ಧಾರಾಳವಾಗಿ ಸಿಗುತ್ತವೆ. ಹಲವರು ಅಂದು ಬರೆಯುತ್ತಿದ್ದದ್ದೇ ಹಾಗೆ. ಇದ್ದಂತೆಯೇ ಟೈಪ್ ಮಾಡಿ. ಸಾಲು ಮುರಿದಲ್ಲೇ ಮುರಿಯಿರಿ, ‘ಚಿ||’, ‘ಮ|| ರಾ||’ ಮುಂತಾದ ಸಂಕ್ಷೇಪಗಳನ್ನು ಬಿಡಿಸಬೇಡಿ. ಹುಡುಕುವವರ ಅನುಕೂಲಕ್ಕೆ ಇಂದಿನ ರೂಪ ಬೇಕಾದರೆ ಅದನ್ನು ಪಕ್ಕದ ಅಂಕಣದಲ್ಲಿ ಕೊಡಿ, ಪಠ್ಯದೊಳಗೆ ಬೇಡ.

ಅನುಮಾನದ ಅಕ್ಷರದ ಮಾತು ಬೇರೆ. ಅದನ್ನು ನನ್ನ ಮೇಜಿಗೆ ಬಂದ ಒಂದು ಪತ್ರದಿಂದಲೇ ಹೇಳುತ್ತೇನೆ. ತಲೆಬರಹದಲ್ಲಿ ಇಸವಿ ಇರಲಿಲ್ಲ, ಸಂವತ್ಸರ, ಮಾಸ, ತಿಥಿ ಮಾತ್ರ. ಸಂವತ್ಸರದ ಹೆಸರು ‘ಪ್ರಮಾ’ ಎಂದು ಶುರುವಾಗಿ, ಮುಂದಿನ ಅಕ್ಷರ ದಿ ಅಥವಾ ಥಿ. ಇವೆರಡರ ಮೈಕಟ್ಟು ಒಂದೇ, ಥ ಅಕ್ಷರದ ಒಳಗೆ ಒಂದು ಚುಕ್ಕೆ ಹೆಚ್ಚು. ಲೇಖನಿ ಓಡಿಸಿ ಬರೆಯುವವರ ಕೈಯಲ್ಲಿ ಆ ಚುಕ್ಕೆ ಬೀಳದೇ ಹೋಗುತ್ತದೆ. ಆದರೆ ಈ ಸಂಗ್ರಹದ ಕಾಲಾವಧಿಯಲ್ಲಿ ಪ್ರಮಾಥಿ ಎಂದರೆ 1879ರ ಯುಗಾದಿಯಿಂದ ಶುರುವಾದ ವರ್ಷ, ಪ್ರಮಾದಿ (ಪ್ರಮಾದೀಚ) ಎಂದರೆ 1913ರದು. ನಡುವೆ 34 ವರ್ಷ. ‘ದೀ’ ಎಂದು ದೀರ್ಘವಿದ್ದರೆ ಅನುಮಾನ ತೀರುತ್ತಿತ್ತು, ಆದರೆ ಈ ಬರಹಗಾರರು ಬೇರೆ ಕಡೆಯೂ ದೀರ್ಘ ಬಿಟ್ಟಿದ್ದರು.

ಮೊದಲು ಓದಿದ ಸ್ವಯಂಸೇವಕರು ‘ಪ್ರಮಾಥಿ’ ಎಂದು ಟೈಪ್ ಮಾಡಿದ್ದರು. ಅವರಿಗೆ ಆ ಹೆಸರು ಪರಿಚಿತವಾಗಿತ್ತು, ಕಣ್ಣು ಅದನ್ನೇ ಕಂಡಿತು. ಪಠ್ಯದಲ್ಲಿ ಯಾವ ಗುರುತೂ ಇಲ್ಲದ್ದರಿಂದ, ಅಲ್ಲಿ ಅನುಮಾನವಿತ್ತು ಎಂಬುದೇ ಮುಂದಿನವರಿಗೆ ಕಾಣಲಿಲ್ಲ. ಪತ್ರ 1879ರ ಕಟ್ಟಿಗೆ ಸೇರಿಹೋಯಿತು. ಈ ಮೌನ ನನಗೆ ತಪ್ಪಿಗಿಂತ ಹೆಚ್ಚು ನೋವು ಕೊಡುತ್ತದೆ. ತಪ್ಪು ಓದನ್ನು ಗುರುತು ಹಾಕಿಟ್ಟಿದ್ದರೆ ಯಾರಾದರೂ ಸರಿ ಮಾಡುತ್ತಾರೆ.

ಮತ್ತೆ ಓದಲು ಕೂತಾಗ ನಾವು ಮೊದಲು ನೋಡಿದ್ದು ಅದೇ ಕೈಬರಹದ ಬೇರೆ ಥ ಅಕ್ಷರಗಳನ್ನು. ಎರಡನೆಯ ಪುಟದಲ್ಲಿ ‘ತೀರ್ಥಹಳ್ಳಿ’ ಇತ್ತು. ಅಲ್ಲಿಯೂ ಚುಕ್ಕೆ ಇರಲಿಲ್ಲ! ಅಂದರೆ ಈ ಕೈಯಲ್ಲಿ ಚುಕ್ಕೆ ಇಲ್ಲದ್ದು ದ ಎಂಬುದಕ್ಕೆ ಸಾಕ್ಷಿಯಲ್ಲ. ಅಕ್ಷರದ ಆಕಾರದಿಂದ ತೀರ್ಮಾನವಾಗದೆಂದು ಅಷ್ಟರಲ್ಲೇ ಗೊತ್ತಾಯಿತು. ಕೊನೆಯ ಪುಟದಲ್ಲಿ, ಬೆಂಗಳೂರಿನಿಂದ ರೈಲು ಹತ್ತಿ ಸಂಜೆಗೆ ಮೈಸೂರು ಸೇರಿದೆವು ಎಂಬ ಮಾತಿತ್ತು. ಮೈಸೂರಿಗೆ ರೈಲು ಬಂದದ್ದು 1880ರ ದಶಕದ ಆರಂಭದಲ್ಲಿ. ಆದ್ದರಿಂದ 1879 ಆಗಲು ಸಾಧ್ಯವಿಲ್ಲ.

ಇಷ್ಟು ಖಚಿತವಾದ ಮೇಲೂ ಪಠ್ಯದಲ್ಲಿ ನಾವು ‘ಪ್ರಮಾದಿ’ ಎಂದು ಬರೆಯಲಿಲ್ಲ. ಅಲ್ಲಿ ಇರುವುದು ಹೀಗೆ: ಪ್ರಮಾ[ದಿ/ಥಿ] ಸಂವತ್ಸರ. ರೈಲಿನ ಕಾರಣವನ್ನು ಟಿಪ್ಪಣಿಯಲ್ಲಿ ಬರೆದು, 1913 ಎಂಬ ನಿರ್ಣಯವನ್ನೂ ಅಲ್ಲಿಯೇ ಇಟ್ಟೆವು. ಕಾಗದದ ಮೇಲೆ ಕಂಡದ್ದು ಪಠ್ಯಕ್ಕೆ, ನಾವು ತರ್ಕಿಸಿದ್ದು ಟಿಪ್ಪಣಿಗೆ. ತರ್ಕ ನಾಳೆ ಬದಲಾದರೂ ಪಠ್ಯವನ್ನು ಮುಟ್ಟಬೇಕಾಗುವುದಿಲ್ಲ.

ಆವರಣದೊಳಗೆ ಇಡೀ ‘ದಿ’, ‘ಥಿ’ ಇರುವುದನ್ನು ಗಮನಿಸಿ. ದ, ಥ ಮಾತ್ರ ಒಳಗಿಟ್ಟು ಗುಡಿಸನ್ನು ಹೊರಗೆ ಬಿಟ್ಟರೆ, ಅದಕ್ಕೆ ಹಿಡಿದುಕೊಳ್ಳಲು ವ್ಯಂಜನ ಸಿಗದೆ ಪರದೆಯ ಮೇಲೆ ಚುಕ್ಕೆಗಳ ವೃತ್ತ ಮೂಡುತ್ತದೆ, ಹುಡುಕಾಟವೂ ಕೆಡುತ್ತದೆ. ಒತ್ತಕ್ಷರಕ್ಕೂ ಇದೇ ಕ್ರಮ: ಒತ್ತು ಮಾತ್ರ ಅನುಮಾನವಿದ್ದರೂ ಪೂರ್ತಿ ಅಕ್ಷರ ಆವರಣದೊಳಗೆ ಬರಲಿ.

ಒಂದೇ ಓದು ಹೊಳೆಯುತ್ತಿದ್ದು ಧೈರ್ಯ ಸಾಲದಿದ್ದರೆ ಪದದ ನಂತರ [?] ಹಾಕಿ. ಏನೂ ಓದಲಾಗದಿದ್ದರೆ ಅಂದಾಜಿಗೆ ಎಷ್ಟು ಅಕ್ಷರವೋ ಅಷ್ಟು ಚುಕ್ಕೆಗಳನ್ನು ಆವರಣದಲ್ಲಿಡಿ, ಮೂರಾದರೆ [...] ಎಂದು. ಕಾಗದವೇ ಇಲ್ಲದಿದ್ದರೆ [ಹರಿದಿದೆ] ಎನ್ನಿ. ಓದಲಾಗದ್ದು ಬೇರೆ, ಇಲ್ಲದ್ದು ಬೇರೆ. ಮೊದಲನೆಯದನ್ನು ಮೂಲ ಪ್ರತಿ ತರಿಸಿ ಇನ್ನೊಬ್ಬರು ಓದಬಹುದು, ಎರಡನೆಯದಕ್ಕೆ ಆ ಪ್ರಯತ್ನ ವ್ಯರ್ಥ.

ಅಂಕಿಗಳಲ್ಲಿ ೬ ಮತ್ತು ೯ ಕಾಡುತ್ತವೆ. ಲೆಕ್ಕದ ಪುಟವಾದರೆ ಕೆಳಗಿನ ಮೊತ್ತದಿಂದ ಕಳೆದು ನೋಡಿ. ಆದರೆ ಬರೆದವರೇ ಕೂಡುವುದರಲ್ಲಿ ತಪ್ಪಿರಬಹುದು, ಹಾಗಾಗಿ ಅಲ್ಲಿಯೂ ಪಠ್ಯದಲ್ಲಿ [೬/೯], ಮೊತ್ತದ ಮಾತು ಟಿಪ್ಪಣಿಯಲ್ಲಿ.

ಒಂದು ಪದಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಗುರುತು ಹಾಕಿ ಪತ್ರ ಮುಗಿಸಿ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಆ ಕೈ ನಿಮಗೆ ಪರಿಚಯವಾಗಿರುತ್ತದೆ, ಆಗ ಮೊದಲ ಪುಟಕ್ಕೆ ಮರಳಿ. ಚಿತ್ರವನ್ನು ವಿಪರೀತ ದೊಡ್ಡದು ಮಾಡಿದರೆ ಗೆರೆಗಳು ಬಿಡಿಬಿಡಿಯಾಗಿ ಕಂಡು ಅಕ್ಷರ ಕಳೆದುಹೋಗುತ್ತದೆ. ಸಿಗದ ಪದವನ್ನು ಒಮ್ಮೆ ಚಿಕ್ಕದಾಗಿಸಿ, ಇಡೀ ಸಾಲಿನೊಂದಿಗೆ ನೋಡಿ.