ವಾಯಿದೆಗೆ ಮೂರು ದಿನ ಮೊದಲು ಕಳಿಸಿದ ಮೆಸೇಜು

"ಸಪ್ಲೈಯರ್‌ಗೆ ಕೊಡಬೇಕಾದ ದುಡ್ಡು ಟೈಮಿಗೆ ಕೊಡೋಕೆ ಆಗ್ತಿಲ್ಲ. ನನಗೆ ಬರಬೇಕಾದ ದುಡ್ಡೇ ಬಂದಿಲ್ಲ. ಅವರಿಗೆ ಏನಂತ ಮೆಸೇಜ್ ಹಾಕಲಿ? ಯಾವ ತಾರೀಕು ಹೇಳಲಿ?"

ಮೊದಲು ತಾರೀಕಿನ ಲೆಕ್ಕ ಹಾಕಿ, ಮೆಸೇಜ್ ಆಮೇಲೆ. ನಾನು ಬಹಳ ದಿನ ಉಲ್ಟಾ ಮಾಡುತ್ತಿದ್ದೆ. ಫೋನ್ ಬಂದರೆ ಸುಮ್ನೆ "ಮುಂದಿನ ವಾರ ಹಾಕ್ತೀನಿ" ಅಂದುಬಿಡುವುದು. ಮೂರು ಸಲ ಹಾಗೆ ಹೇಳಿದ ಮೇಲೆ ಒಬ್ಬ ವ್ಯಾಪಾರಿ ನನಗೆ ಉದ್ರಿ ಕೊಡುವುದನ್ನೇ ನಿಲ್ಲಿಸಿದರು. ತಪ್ಪು ನನ್ನದೇ.

ನಮ್ಮದು ದಾವಣಗೆರೆಯಲ್ಲಿ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಸಣ್ಣ ಘಟಕ. ಬಟ್ಟೆ ಬರುವುದು ಬೆಂಗಳೂರಿನ ಚಿಕ್ಕಪೇಟೆಯಿಂದ, 45 ದಿನದ ವಾಯಿದೆಗೆ. 2025ರ ಜೂನ್ 20ರ ಬಿಲ್ಲು 2,36,000 ರೂಪಾಯಿ. ಅಂದರೆ ಆಗಸ್ಟ್ 4ಕ್ಕೆ ಕೊಡಬೇಕು. ನನಗೆ ದುಡ್ಡು ಕೊಡಬೇಕಾದ ಶಾಲೆಯವರು "12ಕ್ಕೆ ಚೆಕ್ ರೆಡಿ ಇರುತ್ತೆ" ಅಂದರು.

ಹಳೇ ಅಭ್ಯಾಸದಲ್ಲಿ ಸಪ್ಲೈಯರ್‌ಗೂ 12 ಅಂತಲೇ ಹೇಳುತ್ತಿದ್ದೆ. ಆದರೆ ಚೆಕ್ ರೆಡಿಯಾದ ದಿನ ದುಡ್ಡು ಅಕೌಂಟಿಗೆ ಬರುವುದಿಲ್ಲ ಅಲ್ವಾ? ಸಹಿಗೆ ಒಂದೆರಡು ದಿನ ಬೇಕು. 15 ಶುಕ್ರವಾರ, ಸ್ವಾತಂತ್ರ್ಯ ದಿನ, ಬ್ಯಾಂಕ್ ರಜೆ. 17 ಭಾನುವಾರ. ಎಲ್ಲ ಸರಿಹೋದರೂ 18 ಆಗುತ್ತದೆ. ಈ ಶಾಲೆ ಹೇಳಿದ ಮಾತಿಗಿಂತ ಒಂದು ವಾರ ತಡ ಮಾಡುವುದು ರೂಢಿ. ಹಾಗಾಗಿ 25 ಅಂತ ಬರೆದುಕೊಂಡೆ. ಆಮೇಲೆ ಶಾಲೆಯ ದುಡ್ಡನ್ನು ಪೂರ್ತಿ ಪಕ್ಕಕ್ಕಿಟ್ಟು ನೋಡಿದೆ. ಕೈಯಲ್ಲಿ 60,000 ಇತ್ತು. ಬೇರೆ ಇಬ್ಬರು ಗಿರಾಕಿಗಳಿಂದ 18ರೊಳಗೆ 76,000 ಖಂಡಿತ ಬರುತ್ತಿತ್ತು. ಶಾಲೆಯನ್ನು ನಂಬಿಕೊಂಡಿದ್ದು ಉಳಿದ ಒಂದು ಲಕ್ಷಕ್ಕೆ ಮಾತ್ರ.

ಆಗಸ್ಟ್ 1ಕ್ಕೆ, ಅಂದರೆ ವಾಯಿದೆಗೆ ಮೂರು ದಿನ ಇರುವಾಗಲೇ, ಮೊದಲು ಫೋನ್ ಮಾಡಿದೆ. ಮಾತಾಡಿದ ಮೇಲೆ ವಾಟ್ಸಾಪ್‌ನಲ್ಲಿ ಇದನ್ನು ಹಾಕಿದೆ:

"ಅಣ್ಣ, ನಮಸ್ಕಾರ. ಜೂನ್ 20ರ ಬಿಲ್ 2,36,000 ರೂ. 4ನೇ ತಾರೀಕಿಗೆ ಪೂರ್ತಿ ಕೊಡಲು ಆಗುತ್ತಿಲ್ಲ. ಶಾಲೆಯ ಚೆಕ್ ನನಗಿನ್ನೂ ಬಂದಿಲ್ಲ. ಇವತ್ತು 60,000 ಹಾಕಿದ್ದೇನೆ, ಯುಟಿಆರ್ ನಂಬರ್ ಕೆಳಗಿದೆ. 18 ಸೋಮವಾರ 76,000 ಹಾಕುತ್ತೇನೆ, ಇದು ಶಾಲೆಯ ದುಡ್ಡಲ್ಲ, ತಪ್ಪುವುದಿಲ್ಲ. ಉಳಿದ 1,00,000 ಶಾಲೆಯ ಚೆಕ್ಕಿನಿಂದಲೇ ಬರಬೇಕು. 25 ಸೋಮವಾರ ಅಂತ ಲೆಕ್ಕ ಹಾಕಿದ್ದೇನೆ. 21ರೊಳಗೆ ಚೆಕ್ ಕೈಗೆ ಬರದಿದ್ದರೆ ಅವತ್ತೇ ನಾನೇ ಫೋನ್ ಮಾಡುತ್ತೇನೆ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ."

ಇದರಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು 21ನೇ ತಾರೀಕು. ಸಪ್ಲೈಯರ್ ಕೂಡ ನಮ್ಮ ದುಡ್ಡು ನಂಬಿಕೊಂಡು ಮಿಲ್‌ನವರಿಗೆ ಮಾತು ಕೊಟ್ಟಿರುತ್ತಾರೆ. 25ರ ಸಂಜೆ "ಆಗಲಿಲ್ಲ" ಅಂದರೆ ಅವರ ಕೈ ಕಟ್ಟಿಹೋಗುತ್ತದೆ. ನಾಲ್ಕು ದಿನ ಮೊದಲೇ ತಿಳಿದರೆ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಕಾರಣವನ್ನು ನಾನು ಒಂದೇ ಸಾಲಿಗೆ ನಿಲ್ಲಿಸಿದೆ. ಮನೆ ಕಷ್ಟ, ಮಾರ್ಕೆಟ್ ಡಲ್ ಅಂತೆಲ್ಲ ಬರೆದರೆ ಕಥೆ ಹೇಳಿದ ಹಾಗೆ ಕಾಣುತ್ತದೆ. ಅದೇ ಮೆಸೇಜಿನಲ್ಲಿ ಹೊಸ ಮಾಲು ಕೇಳುವುದಂತೂ ಬೇಡವೇ ಬೇಡ.

ಅವರು "ಒಂದು ಮುಂದಿನ ತಾರೀಕಿನ ಚೆಕ್ ಕೊಟ್ಟುಬಿಡಿ" ಅಂತ ಕೇಳಬಹುದು. ನನ್ನನ್ನೂ ಕೇಳಿದರು. 76,000ಕ್ಕೆ ಕೊಟ್ಟೆ, ಒಂದು ಲಕ್ಷಕ್ಕೆ ಕೊಡಲಿಲ್ಲ. ಯಾಕೆಂದು ಬಿಚ್ಚಿ ಹೇಳಿದೆ. ಚೆಕ್ ಬೌನ್ಸ್ ಆಗಿ, ಅವರ ನೋಟಿಸ್ ಕೈಗೆ ಬಂದ 15 ದಿನದೊಳಗೆ ದುಡ್ಡು ಕೊಡದಿದ್ದರೆ ಅದು ಕ್ರಿಮಿನಲ್ ಕೇಸಾಗುತ್ತದೆ. ಖಾತ್ರಿ ಇಲ್ಲದ ದುಡ್ಡಿಗೆ ಚೆಕ್ ಬರೆಯಬೇಡಿ.

ಇನ್ನೊಂದು ವಿಷಯ ನೋಡಿಕೊಳ್ಳಿ. ನಿಮ್ಮ ಸಪ್ಲೈಯರ್ ತಾವೇ ಮಾಲು ತಯಾರಿಸುವ ಸಣ್ಣ ಉದ್ಯಮದವರಾಗಿ, ಉದ್ಯಮ್ ನೋಂದಣಿ ಮಾಡಿಸಿದ್ದರೆ, ಕಾನೂನಿನ ಪ್ರಕಾರ ಬರಹದ ಒಪ್ಪಂದ ಇದ್ದರೂ ವಾಯಿದೆ 45 ದಿನ ದಾಟುವ ಹಾಗಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ದಾಟಿದರೆ ಅವರು ಬಡ್ಡಿ ಕೇಳಬಹುದು, ಅದೂ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಅಂಥವರು "ಪರವಾಗಿಲ್ಲ, ನಿಧಾನಕ್ಕೆ ಕೊಡಿ" ಅಂದರೆ ಅದು ಅವರ ಒಳ್ಳೆಯತನ, ನಿಮ್ಮ ಹಕ್ಕಲ್ಲ. ನನ್ನ ಸಪ್ಲೈಯರ್ ಬರೀ ವ್ಯಾಪಾರಿ, ಹಾಗಾಗಿ ಈ ಮಾತು ಬರಲಿಲ್ಲ.

18ಕ್ಕೆ 76,000 ಹೋಯಿತು. 21ಕ್ಕೆ ಚೆಕ್ ಬಂದಿರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಫೋನ್ ಮಾಡಿ, "27 ಗಣೇಶ ಹಬ್ಬ, ರಜೆ. 29 ಶುಕ್ರವಾರ ಕೊಡ್ತೀನಿ ಅಣ್ಣ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ, ಇವತ್ತೇ ಹೇಳಿದ್ರಲ್ಲ" ಅಂದರು. 28ಕ್ಕೇ ಹಾಕಿದೆ. ಮುಂದಿನ ಸಲ ಮಾಲು ಉದ್ರಿಗೇ ಕೊಟ್ಟರು, ಆದರೆ ವಾಯಿದೆ 45 ದಿನದಿಂದ 30ಕ್ಕೆ ಇಳಿಸಿದರು.