ಮೊಟ್ಟೆಯ ಚಿಪ್ಪಿನ ಪುಡಿಯನ್ನು ತಾಯಿಗೆ ಕೊಡಬಹುದೇ?

ಪ್ರಶ್ನೆ: ನನ್ನ ತಾಯಿಗೆ 57 ವರ್ಷ. ಮುಟ್ಟು ನಿಂತು ಏಳು ವರ್ಷವಾಯಿತು. ಮಂಡಿ, ಸೊಂಟ ನೋಯುತ್ತದೆ ಎನ್ನುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ನಾವು ಕುಡಿಯುವುದು ಬೋರ್‌ವೆಲ್ ನೀರು. ಮೊಟ್ಟೆಯ ಚಿಪ್ಪನ್ನು ಪುಡಿಮಾಡಿ, ದಿನಕ್ಕೊಂದು ಚಮಚ ಬಿಸಿನೀರಿಗೆ ಹಾಕಿ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕ್ಯಾಲ್ಸಿಯಂ ಮಾತ್ರೆಯೇ ಬೇಡ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ನಿಜವೇ? ಹೇಗೆ ಮಾಡಬೇಕು?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ಚಿಪ್ಪಿನ ಪುಡಿಯನ್ನು ಕೊಡಬಹುದು. ಆದರೆ ಆ ವಿಡಿಯೊ ಹೇಳಿದ ಅಳತೆಯಲ್ಲೂ ಬೇಡ, ಆ ಹೊತ್ತಿನಲ್ಲೂ ಬೇಡ. ನಿಮ್ಮ ತಾಯಿಯ ವಿಷಯದಲ್ಲಿ ಆ ಎರಡೂ ಹಾನಿ ಮಾಡುತ್ತವೆ.

ಚಿಪ್ಪಿನ ಬಹುಪಾಲು, ಅಂದರೆ ನೂರರಲ್ಲಿ ಸುಮಾರು 95 ಪಾಲು, ಕ್ಯಾಲ್ಸಿಯಂ ಕಾರ್ಬೊನೇಟ್. ಔಷಧ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ಯಾಲ್ಸಿಯಂ ಮಾತ್ರೆಯಲ್ಲಿ ಇರುವುದೂ ಬಹುತೇಕ ಇದೇ. 500 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಬರೆದ ಮಾತ್ರೆಯಲ್ಲಿ 1250 ಮಿಲಿಗ್ರಾಂ ಕಾರ್ಬೊನೇಟ್ ಇರುತ್ತದೆ. ಹಾಗಾಗಿ ಚಿಪ್ಪು ಕೆಲಸ ಮಾಡುತ್ತದೆಯೇ ಎಂಬ ಬಗ್ಗೆ ಅನುಮಾನ ಬೇಡ. ವ್ಯತ್ಯಾಸ ಇರುವುದು ಬೇರೆ ಕಡೆ: ಮಾತ್ರೆಯನ್ನು ಅಳೆದು, ಪರೀಕ್ಷಿಸಿ ಮಾಡಿರುತ್ತಾರೆ, ಚಿಪ್ಪಿನ ಪುಡಿಯಲ್ಲಿ ಆ ಜವಾಬ್ದಾರಿ ಪೂರ್ತಿ ನಿಮ್ಮದು.

ಮೊದಲ ಅಪಾಯ ಸಾಲ್ಮೊನೆಲ್ಲಾ ಎಂಬ ರೋಗಾಣು. ಕೋಳಿಯ ಹಿಕ್ಕೆಯಿಂದ ಅದು ಚಿಪ್ಪಿಗೆ ಅಂಟಿರಬಹುದು. ಹಿಕ್ಕೆ ಮೆತ್ತಿದ ಅಥವಾ ಮೊದಲೇ ಬಿರುಕು ಬಿಟ್ಟಿದ್ದ ಮೊಟ್ಟೆಯ ಚಿಪ್ಪನ್ನು ಎಸೆದುಬಿಡಿ. ಉಳಿದವನ್ನು ಒಡೆದ ಕೂಡಲೇ ನೀರಿನಲ್ಲಿ ತೊಳೆದು, ಒಳಗೆ ಅಂಟಿದ ಬಿಳಿಲೋಳೆಯನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ. ಸೋಪು ಹಾಕಬೇಡಿ, ಚಿಪ್ಪಿನ ತುಂಬ ಸೂಕ್ಷ್ಮ ರಂಧ್ರಗಳಿರುತ್ತವೆ. ಒಳಪೊರೆಯನ್ನು ಬಿಡಿಸಿದರೆ ಬೇಗ ಒಣಗುತ್ತದೆ, ಬಿಡಿಸದಿದ್ದರೂ ನಡೆಯುತ್ತದೆ. ನಂತರ ಚಿಪ್ಪು ಮುಳುಗುವಷ್ಟು ನೀರು ಹಾಕಿ, ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಹತ್ತು ನಿಮಿಷ ಬಿಡಿ. ಈ ಹಂತವನ್ನು ಬಿಸಿಲಿಗೆ ಒಪ್ಪಿಸುವವರಿದ್ದಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಎಷ್ಟೇ ಉರಿಯಾದರೂ ಚಿಪ್ಪನ್ನು ಒಣಗಿಸುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುತ್ತದೆ ಎಂದು ನಂಬುವಂತಿಲ್ಲ.

ಕುದಿಸಿದ ಚಿಪ್ಪನ್ನು ಬಟ್ಟೆಯ ಮೇಲೆ ಆರಿಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಎರಡು ಬೆರಳಿನ ನಡುವೆ ಹಿಡಿದರೆ ಬಾಗದೆ ಪಟ್ಟನೆ ಮುರಿಯಬೇಕು. ಕಂದು ಬಣ್ಣ ಬಂದು ಕೂದಲು ಸುಟ್ಟ ವಾಸನೆ ಬಂದರೆ ಪೊರೆ ಸೀಯುತ್ತಿದೆ ಎಂದರ್ಥ, ಉರಿ ತಗ್ಗಿಸಿ. ಕೆಲವರು ಕೆಂಡದಲ್ಲಿ ಹಾಕಿ ಬೂದಿಯಾಗುವವರೆಗೆ ಸುಡಲು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅತಿಯಾದ ಶಾಖಕ್ಕೆ ಕಾರ್ಬೊನೇಟ್ ಸುಟ್ಟ ಸುಣ್ಣವಾಗುತ್ತದೆ. ಅದು ಬಾಯಿ, ಗಂಟಲನ್ನು ಸುಡುತ್ತದೆ.

ಎರಡನೆಯ ಅಪಾಯ ತರಿ. ಹೆಚ್ಚಿನವರು ಎಡವುವುದು ಇಲ್ಲೇ. ಮಿಕ್ಸಿಯ ಚಿಕ್ಕ ಜಾರಿನಲ್ಲಿ ತಿರುಗಿಸಿದ ಪುಡಿ ಕಣ್ಣಿಗೆ ನುಣ್ಣಗೆ ಕಂಡರೂ ಅದರೊಳಗೆ ಚೂಪಾದ ಸಣ್ಣ ಚೂರುಗಳು ಉಳಿದಿರುತ್ತವೆ. ಅವು ಅನ್ನನಾಳವನ್ನು ಗೀರಬಹುದು. ಸರಿಯಾಗಿ ಕರಗುವುದೂ ಇಲ್ಲ. ಹಿಟ್ಟಿನ ಜರಡಿ ಸಾಲದು. ತೆಳುವಾದ ಹತ್ತಿ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿ, ಮೇಲೆ ಉಳಿದಿದ್ದನ್ನು ಮತ್ತೆ ಅರೆಯಿರಿ. ಒಂದು ಚಿಟಿಕೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ನೋಡಿ: ಮುಖಕ್ಕೆ ಹಚ್ಚುವ ಪೌಡರಿನಂತೆ ಜಾರಬೇಕು. ಹಲ್ಲಿನ ನಡುವೆ ಕರಕರ ಎಂದರೆ ಅದು ತಿನ್ನುವ ಪುಡಿಯಲ್ಲ. ಅರೆದ ಕೂಡಲೇ ಜಾರಿನ ಮುಚ್ಚಳ ತೆಗೆಯಬೇಡಿ, ದೂಳು ಕೂರಲಿ. ಅದು ಉಸಿರಿನೊಂದಿಗೆ ಒಳಗೆ ಹೋಗಬಾರದು.

ಈಗ ಅಳತೆ. ಒಂದು ಮೊಟ್ಟೆಯ ಚಿಪ್ಪು ಒಣಗಿದ ಮೇಲೆ ಹೆಚ್ಚುಕಡಿಮೆ 5 ಗ್ರಾಂ ತೂಗುತ್ತದೆ. ಪುಡಿ ಸಣ್ಣ ಚಮಚದಲ್ಲಿ ಒಂದು ಚಮಚದಷ್ಟು ಆಗುತ್ತದೆ. ಅದರಲ್ಲಿ ಸುಮಾರು 1900 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮುಟ್ಟು ನಿಂತ ಮಹಿಳೆಗೆ ಇಡೀ ದಿನಕ್ಕೆ, ಊಟದಿಂದ ಬರುವುದೂ ಸೇರಿ, ಬೇಕಾಗಿರುವುದು 1200. ನಿಮ್ಮ ತಾಯಿ ದಿನಕ್ಕೆ ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ಸ್ವಲ್ಪ ಸೊಪ್ಪು ತಿನ್ನುತ್ತಾರೆ ಎಂದುಕೊಳ್ಳೋಣ. ಜೋಳದ ರೊಟ್ಟಿಯಲ್ಲಿ ರಾಗಿಯಷ್ಟು ಕ್ಯಾಲ್ಸಿಯಂ ಇಲ್ಲದಿರುವುದರಿಂದ ಎಲ್ಲ ಸೇರಿ 500ರ ಆಸುಪಾಸು ಆದೀತು. ಕೊರತೆ ಸುಮಾರು 700. ಒಂದು ಚಿಪ್ಪಿನ ಪುಡಿಯನ್ನು ಕಾಗದದ ಮೇಲೆ ಹರಡಿ ನಾಲ್ಕು ಪಾಲು ಮಾಡಿ. ಒಂದು ಪಾಲು, ಅಂದರೆ ಕಾಲು ಚಮಚ, ಒಂದು ಮಾತ್ರೆಗೆ ಸಮ. ದಿನಕ್ಕೆ ಒಂದೇ ಪಾಲು ಕೊಡಿ. ಉಳಿದ ಕೊರತೆಯನ್ನು ಇನ್ನೊಂದು ಲೋಟ ಮಜ್ಜಿಗೆ, ಎಳ್ಳಿನ ಚಟ್ನಿಪುಡಿ ತುಂಬಲಿ. ವೈದ್ಯರು ಈಗಾಗಲೇ ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟಿದ್ದರೆ ಅದರ ಮೇಲೆ ಇದು ಬೇಡವೇ ಬೇಡ.

ಹೊತ್ತಿನ ವಿಷಯದಲ್ಲಿ ವಿಡಿಯೊ ಪೂರ್ತಿ ತಪ್ಪು. ಕಾರ್ಬೊನೇಟ್ ಕರಗಲು ಜಠರದ ಆಮ್ಲ ಬೇಕು, ಅದು ಊಟದ ಜೊತೆಗೆ ಚೆನ್ನಾಗಿ ಸುರಿಯುತ್ತದೆ. ಇನ್ನೂ ಮುಖ್ಯವಾಗಿ, ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಕೆಲವು ವಾರಗಳಲ್ಲಿ ಸುಸ್ತು, ಮೈಭಾರ ಮರಳಿ ಬರುತ್ತವೆ, ಥೈರಾಯ್ಡ್ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಅಂಕಿ ಏರುತ್ತದೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ನಡುವೆ ಕನಿಷ್ಠ ನಾಲ್ಕು ತಾಸು ಅಂತರವಿರಲಿ. ಮಧ್ಯಾಹ್ನದ ಊಟದಲ್ಲಿ ಅವರ ತಟ್ಟೆಯ ಮೊಸರನ್ನಕ್ಕೆ ಕಲಸಿಕೊಡಿ. ರೊಟ್ಟಿ ಹಿಟ್ಟಿಗೆ ಬೆರೆಸಿದರೆ ಯಾರ ಹೊಟ್ಟೆಗೆ ಎಷ್ಟು ಹೋಯಿತು ಎಂಬುದು ಗೊತ್ತಾಗುವುದಿಲ್ಲ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವವರೂ ಇಂಥ ಅಂತರ ಕಾಯಬೇಕು.

ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು, ಮೂತ್ರಪಿಂಡ ಕೆಟ್ಟವರು, ಮೊಟ್ಟೆ ಒಗ್ಗದವರು ಇದರ ಗೊಡವೆಗೆ ಹೋಗಬಾರದು. ಚಿಕ್ಕ ಮಕ್ಕಳಿಗೂ ಬೇಡ. ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕ್ಯಾಲ್ಸಿಯಂ ಮಾತ್ರೆ ಉಚಿತವಾಗಿ ಸಿಗುತ್ತದೆ, ಅದನ್ನೇ ಪಡೆಯಲಿ. ತಿನ್ನುವವರಲ್ಲಿ ಮಲಬದ್ಧತೆ, ತೀರದ ಬಾಯಾರಿಕೆ, ಪದೇಪದೇ ಮೂತ್ರ, ವಾಕರಿಕೆ ಕಂಡರೆ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಚಿಪ್ಪಲ್ಲ, ಬೋರ್‌ವೆಲ್. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ. ವರ್ಷಗಟ್ಟಲೆ ಅಂಥ ನೀರು ಕುಡಿದವರಿಗೂ ಮಂಡಿ, ಸೊಂಟ ಬಿಗಿದು ನೋಯುತ್ತವೆ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿದ್ದರೆ ಅದೊಂದು ಸುಳಿವು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಗ್ರಾಮ ಪಂಚಾಯಿತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲಿಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದಿಂದ ನೀರು ತನ್ನಿ. ತಾಯಿಯ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಮಟ್ಟವನ್ನೂ ಒಮ್ಮೆ ನೋಡಿಸಿ, ಮಂಡಿಗೊಂದು ಎಕ್ಸ್‌ರೇ ತೆಗೆಸಿ. ಮಂಡಿ ಸವೆದಿದ್ದರೆ ಯಾವ ಕ್ಯಾಲ್ಸಿಯಂ ಕೊಟ್ಟರೂ ಆ ನೋವು ಹೋಗುವುದಿಲ್ಲ. ಅದಕ್ಕೆ ಮೂಳೆ ವೈದ್ಯರ ಚಿಕಿತ್ಸೆಯೇ ಬೇಕು.